ಅಪ್ಪನ ಕಥೆಗೆ ಐದು ಅಂಕ

ಬೆಳಿಗ್ಗೆ ನಮ್ಮನೆಯವರ ಮುಖಕ್ಕೆ ಸೋಪಿನ ನೊರೆ ಹಚ್ಚಿ, ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ಬಂದಿದ್ದೆ. ಬಲಗೆನ್ನೆಯ ಕೆಲಸ ನಿಧಾನ. ಆ ಕಡೆ ಚರ್ಮ ಜೋತಿದೆ, ಒಂದು ಬೆರಳಿನಿಂದ ಕಿವಿಯತ್ತ ಎಳೆದು ಹಿಡಿದುಕೊಂಡರೆ ಮಾತ್ರ ರೇಜರ್ ಸರಾಗವಾಗಿ ಜಾರುತ್ತದೆ. ಅವರು ಕಣ್ಣು ಮುಚ್ಚಿ ತಾಳ್ಮೆಯಿಂದ ಕೂತಿದ್ದರು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಕೈ ಒದ್ದೆ, ಸುಮ್ಮನಿದ್ದೆ. ಅದು ನಿಂತು ಮತ್ತೆ ಬಡಿದುಕೊಂಡಿತು.

ಫೋನ್ ಮಾಡಿದ್ದು ನಾನು ಪಾಠ ಮಾಡುವ ಶಾಲೆಯ ಕೆಮಿಸ್ಟ್ರಿ ಟೀಚರ್. ಮಕ್ಕಳು ಹಿಂದಿನಿಂದ ಆ್ಯಸಿಡ್ ಮಿಸ್ ಅನ್ನುತ್ತಾರೆ, ಅದು ಅವರಿಗೂ ಗೊತ್ತು, ಒಳಗೊಳಗೇ ಖುಷಿಯೂ ಇದೆ. ಆ ದಿನ ಶಾಲೆಯಲ್ಲಿ ಅಣಕು ಸಂದರ್ಶನ. ವೃತ್ತಿ ಕಾಲೇಜುಗಳಿಂದ ಇಂಟರ್‌ವ್ಯೂ ಕರೆ ಬಂದಿರುವ ಮಕ್ಕಳನ್ನು ಪ್ರತಿ ವರ್ಷ ಹೀಗೆ ಕೂರಿಸಿ, ನಿಜವಾದ ಇಂಟರ್‌ವ್ಯೂನಂತೆಯೇ ಪ್ರಶ್ನೆ ಕೇಳಿ, ಅಂಕ ಹಾಕಿ, ಎಲ್ಲಿ ಎಡವಿದರೆಂದು ತಿಳಿಸುತ್ತೇವೆ. ಸಮಯ ನೋಡಿಕೊಳ್ಳಬೇಕಿದ್ದ ಫಿಸಿಕ್ಸ್ ಮೇಷ್ಟ್ರಿಗೆ ಜ್ವರ ಬಂದಿದೆಯಂತೆ. ನೀವೇ ಬನ್ನಿ ಎಂದರು.

ನಾನು ಬರುವ ಹಾಗಿಲ್ಲ ಎಂದೆ. ಅಭ್ಯರ್ಥಿಗಳ ಪಟ್ಟಿಯಲ್ಲಿ ನನ್ನ ಮಗಳಿದ್ದಾಳೆ. ಸ್ವಂತದವರಿಗೆ ಮೌಲ್ಯಮಾಪನ ಮಾಡಬಾರದು ಎಂಬ ನಿಯಮ ಬರೆದವಳೇ ನಾನು. ಅದಕ್ಕಾಗಿಯೇ ಈ ವರ್ಷ ಪ್ರಶ್ನೆಗಳನ್ನು ಮುಟ್ಟಿರಲಿಲ್ಲ. ಅವನ್ನು ಆ್ಯಸಿಡ್ ಮಿಸ್ ತಯಾರಿಸಿದ್ದರು. ನಾನು ತಿದ್ದಿದ್ದು ಮಾನದಂಡಗಳನ್ನು ಮಾತ್ರ, ಅವನ್ನು ಹೇಗೂ ಎಲ್ಲ ಮಕ್ಕಳಿಗೂ ಮುಂಚಿತವಾಗಿ ಕೊಟ್ಟುಬಿಡುತ್ತೇವೆ.

“ಗಡಿಯಾರ ನೋಡೋಕೆ ಬನ್ನಿ ಅಂದೆ, ಅಂಕ ಹಾಕೋಕಲ್ಲ,” ಎಂದರು ಅವರು. “ಗಡಿಯಾರಕ್ಕೇನು ಮಗಳು ಅಂತ ಗೊತ್ತಾಗುತ್ತಾ?”

ನಿಯಮದಲ್ಲಿ ಸಮಯಪಾಲಕರ ಮಾತೇ ಇರಲಿಲ್ಲ. ಬರೆಯುವಾಗ ನನಗದು ಹೊಳೆದಿರಲಿಲ್ಲ. ಒಪ್ಪಿಕೊಂಡೆ. ತಿರುಗಿ ನೋಡಿದರೆ ನಮ್ಮನೆಯವರ ಬಲಗೆನ್ನೆಯ ನೊರೆ ಒಣಗಿ ಬಿರುಕು ಬಿಟ್ಟಿತ್ತು. ಕನ್ನಡಿಯನ್ನು ನನ್ನ ಕಡೆ ತಿರುಗಿಸಿಟ್ಟುಕೊಂಡು, ಎಡಗೈಯಿಂದ ತಮ್ಮ ಮುಖದತ್ತ ತೋರಿಸಿ, ಅರ್ಧ ಬಾಯಲ್ಲಿ ನಗುತ್ತಿದ್ದರು. ಮತ್ತೆ ನೊರೆ ಹಚ್ಚಿದೆ.

ಅವರು ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದವರು. ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು ಮಾತಾಡುವುದೇ ಕೆಲಸ. ಹೆದರಿದವರಿಗೆ ಧೈರ್ಯ, ಅತಿಧೈರ್ಯದವರಿಗೆ ಬೈಗುಳ. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಅರ್ಧಕ್ಕರ್ಧ ವಾಪಸು ಬಂದಿವೆ. ಮಾತು ಬಂದಿಲ್ಲ. ನಾವು ಹೇಳಿದ್ದು ಅವರಿಗೆ ಅರ್ಥವಾಗುತ್ತದೆ, ಉದ್ದ ವಾಕ್ಯವಾದರೆ ಸ್ವಲ್ಪ ತಡವಾಗಿ. ಅವರು ಹೇಳಬೇಕೆಂದದ್ದು ಮಾತ್ರ ಗಂಟಲ ಬಾಗಿಲಲ್ಲೇ ನಿಂತುಬಿಡುತ್ತದೆ. ಹೊರಗೆ ಬರುವುದು ಒಂದೇ ಒಂದು “ಹೂಂ”. ಬೇಕು ಎಂದರೂ ಹೂಂ, ಬೇಡ ಎಂದರೂ ಎಷ್ಟೋ ಸಲ ಹೂಂ. ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್ ಒಬ್ಬರು ವಾರಕ್ಕೊಮ್ಮೆ ಅವರ ಎದುರು ಕೂತು, ಅವಸರವಿಲ್ಲದೆ ಕಾಯುತ್ತಿದ್ದರು. ಮಗಳು ಅದನ್ನು ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಹಾಗೆ ನೋಡಿ ನೋಡಿಯೇ ಆ ಕೋರ್ಸಿಗೆ ಅರ್ಜಿ ಹಾಕಿದಳು. ಈಗ ಕರೆ ಬಂದಿತ್ತು. ಲಿಖಿತ ಪರೀಕ್ಷೆಯ ಅಂಕ ಅಂಚಿನಲ್ಲಿದ್ದವು. ಸೀಟು ಸಿಗುವುದೋ ಬಿಡುವುದೋ ಇಂಟರ್‌ವ್ಯೂ ಮೇಲೆ ನಿಂತಿತ್ತು.

ಪಕ್ಕದ ಬೀದಿಯಲ್ಲಿರುವ ನನ್ನ ಅಕ್ಕನನ್ನು ಅವರ ಜೊತೆ ಕೂರಿಸಿ ನಾನು ಶಾಲೆಗೆ ಹೋದೆ. ಮಗಳು ಮೊದಲೇ ಹೋಗಿದ್ದಳು.

ಲೈಬ್ರರಿ ಕೋಣೆಯಲ್ಲಿ ಉದ್ದ ಮೇಜಿನ ಹಿಂದೆ ಮೂವರು ಕೂತಿದ್ದರು. ನಡುವೆ ಆ್ಯಸಿಡ್ ಮಿಸ್. ಅವರ ಎಡಕ್ಕೆ ಆಸ್ಪತ್ರೆಯ ವಾರ್ಡ್ ಸಿಸ್ಟರ್, ಬಲಕ್ಕೆ ನಿವೃತ್ತ ವಕೀಲರು. ಈ ಇಬ್ಬರೂ ಪ್ರತಿ ವರ್ಷ ರಜೆಯ ದಿನವನ್ನು ನಮಗೆ ಬಿಟ್ಟುಕೊಡುವವರು. ಎದುರಿಗೆ ಒಂದು ಖಾಲಿ ಕುರ್ಚಿ. ನಾನು ಗೋಡೆ ಪಕ್ಕದ ಬೆಂಚಿನಲ್ಲಿ ಗಡಿಯಾರ ಇಟ್ಟುಕೊಂಡು ಕೂತೆ. ಪ್ರತಿ ಪ್ರಶ್ನೆಗೂ ನಾಲ್ಕು ನಿಮಿಷ. ಮುಗಿದಾಗ ಪೆನ್ಸಿಲ್‌ನಿಂದ ಬೆಂಚನ್ನು ಒಮ್ಮೆ ತಟ್ಟುವುದು ನನ್ನ ಕೆಲಸ. ಬಾಯಿ ಬಿಡುವಂತಿಲ್ಲ.

ಇದು ನಡೆಯುವ ರೀತಿಯನ್ನು ಸ್ವಲ್ಪ ಹೇಳಬೇಕು. ಒಂದೇ ಕೋರ್ಸಿಗೆ ಬಂದವರಿಗೆಲ್ಲ ಒಂದೇ ಪ್ರಶ್ನೆಗಳು, ಒಂದೇ ಕ್ರಮದಲ್ಲಿ. ಅಭ್ಯರ್ಥಿ ಸರಿಯಾಗಿ ಬಿಡಿಸಿ ಹೇಳದಿದ್ದರೆ ಪ್ರತಿ ಪ್ರಶ್ನೆಗೆ ಒಂದು ಉಪಪ್ರಶ್ನೆ ಹಾಕಬಹುದು, ಅದಕ್ಕಿಂತ ಹೆಚ್ಚಿಲ್ಲ. ಪ್ರತಿ ಉತ್ತರಕ್ಕೂ ಒಂದರಿಂದ ಐದರವರೆಗೆ ಅಂಕ, ಯಾವ ಬಗೆಯ ಉತ್ತರಕ್ಕೆ ಎಷ್ಟೆಂಬ ವಿವರಣೆ ಪಕ್ಕದಲ್ಲೇ ಇರುತ್ತದೆ. ಮೂವರೂ ಒಬ್ಬರ ಹಾಳೆ ಒಬ್ಬರು ನೋಡದೆ ಅಂಕ ಹಾಕಬೇಕು. ಅಭ್ಯರ್ಥಿ ಹೊರಗೆ ಹೋದ ಮೇಲೆ ಹಾಳೆಗಳನ್ನು ಮೇಜಿನ ಮೇಲಿಟ್ಟು ನೋಡುತ್ತಾರೆ. ಎಲ್ಲಾದರೂ ಎರಡು ಅಂಕ ಅಥವಾ ಅದಕ್ಕಿಂತ ಹೆಚ್ಚು ಅಂತರ ಬಂದರೆ ಅಲ್ಲಿ ಮಾತಾಡಲೇಬೇಕು. ಮಾತಾಡುವಾಗ ಹುಡುಗಿ ಚುರುಕು, ಹುಡುಗ ಮಂಕು ಅನ್ನುವಂತಿಲ್ಲ. ಅವರು ಆಡಿದ ಮಾತನ್ನೇ ಎತ್ತಿ ತೋರಿಸಬೇಕು.

‘ಈ ವೃತ್ತಿ ಏಕೆ?’ ಎಂಬ ಪ್ರಶ್ನೆಯ ಮಾನದಂಡವನ್ನು ಈ ಸಲ ನಾನೇ ಹೊಸದಾಗಿ ಬರೆದಿದ್ದೆ. ಹಿಂದೆಲ್ಲ ಮಕ್ಕಳು ಬಂದು, ನನಗೆ ಸೇವೆ ಮಾಡುವ ಆಸೆ ಎಂದು ಗಿಳಿಪಾಠ ಒಪ್ಪಿಸುತ್ತಿದ್ದರು. ಬರೀ ಅಂಥ ಮಾತಾದರೆ ಒಂದು ಅಂಕ. ಕಾರಣದ ಜೊತೆ ಒಂದು ಉದಾಹರಣೆ ಕೊಟ್ಟರೆ ಮೂರು. ಸ್ವಂತ ಅನುಭವದ ಒಂದು ನಿರ್ದಿಷ್ಟ ಘಟನೆ, ಅದರಲ್ಲಿ ತನ್ನ ಪಾಲು, ತಪ್ಪಿದ್ದರೆ ತಪ್ಪೂ ಸೇರಿ, ಮತ್ತು ಅದರಿಂದ ಈ ವೃತ್ತಿಯ ಬಗ್ಗೆ ತಿಳಿದದ್ದು, ಇವೆಲ್ಲ ಇದ್ದರೆ ಐದು. ಬರೆದು ಮುಗಿಸಿದಾಗ ನನಗೆ ಸಮಾಧಾನವಾಗಿತ್ತು. ಇನ್ನು ಗಿಳಿಪಾಠ ನಡೆಯುವುದಿಲ್ಲ ಅಂದುಕೊಂಡಿದ್ದೆ.

ಮಗಳು ಒಳಗೆ ಬಂದಳು. ನನ್ನನ್ನು ನೋಡಿ ಹೆಜ್ಜೆ ಒಂದು ಗಳಿಗೆ ತಡೆಯಿತು. ನಾನು ಗಡಿಯಾರ ತೋರಿಸಿದೆ. ಅವಳು ಅರ್ಥ ಮಾಡಿಕೊಂಡು ಕುರ್ಚಿಯಲ್ಲಿ ಕೂತಳು.

ಮೊದಲು ಸಿಸ್ಟರ್ ಅವಳ ಉಸಿರು ಹದಕ್ಕೆ ಬರಲೆಂದು, ಬಸ್ಸಿನಲ್ಲಿ ಸೀಟು ಸಿಕ್ಕಿತೇ ಎಂದು ಕೇಳಿದರು. ಅದಕ್ಕೆ ಅಂಕವಿಲ್ಲ. ಆಮೇಲೆ ಆ್ಯಸಿಡ್ ಮಿಸ್, ಸ್ಪೀಚ್ ಥೆರಪಿಯನ್ನೇ ಏಕೆ ಆರಿಸಿಕೊಂಡೆ ಎಂದರು.

ಮಗಳು ಅವಸರ ಮಾಡದೆ ಹೇಳಿದಳು. ಅಪ್ಪನಿಗೆ ಹೀಗಾದ ಹೊಸತರಲ್ಲಿ ಒಂದು ದಿನ ಅವರ ಹಳೆಯ ವಿದ್ಯಾರ್ಥಿಗಳು ನಾಲ್ಕೈದು ಜನ ನೋಡಲು ಬಂದರು. ಅಪ್ಪ ಅವರಿಗೆ ಏನೋ ಹೇಳಲು ಹೊರಟರು. ಮಾತು ಬರಲಿಲ್ಲ. ನಾನೇ ಮುಂದಾಗಿ, ನೀರು ಬೇಕಾ ಅಂದೆ, ಫ್ಯಾನ್ ಹಾಕ್ಲಾ ಅಂದೆ, ದಿಂಬು ಕೊಡ್ಲಾ ಅಂದೆ. ಅಪ್ಪ ಬಾಯಿ ತೆರೆದಾಗಲೆಲ್ಲ ಅವರ ಮಾತನ್ನು ನಾನು ಮುಗಿಸುತ್ತಾ ಹೋದೆ. ಕೊನೆಗೆ ಅಪ್ಪ ಎಡಗೈಯಿಂದ ಗಾಜಿನ ಲೋಟ ಎಸೆದರು. ಆಮೇಲೆ ಎಲ್ಲರ ಎದುರೇ ಅತ್ತುಬಿಟ್ಟರು. ಬಂದವರು ತಲೆ ತಗ್ಗಿಸಿ ಎದ್ದು ಹೋದರು. ಮುಂದಿನ ವಾರ ಆಸ್ಪತ್ರೆಯಲ್ಲಿ ಥೆರಪಿಸ್ಟ್ ಚಿತ್ರಗಳನ್ನು ಮುಂದಿಟ್ಟು, ಸುಮ್ಮನೆ ಕಾದರು. ಅಪ್ಪ ಕಾರಿನ ಚಿತ್ರ ತೋರಿಸಿ, ಆಮೇಲೆ ಟಿಕ್ ಗುರುತು ತೋರಿಸಿದರು. ಆ ದಿನ ಅವರು ಕೇಳಬೇಕೆಂದಿದ್ದು ಇಷ್ಟೇ: ನೀವೆಲ್ಲ ಡ್ರೈವಿಂಗ್ ಟೆಸ್ಟ್ ಪಾಸಾದಿರಾ?

“ನಾನು ಸಹಾಯ ಮಾಡ್ತಿದೀನಿ ಅಂದ್ಕೊಂಡು ಅವರ ಬಾಯಿ ಮುಚ್ಚಿಸ್ತಿದ್ದೆ,” ಎಂದಳು. “ಈ ಕೆಲಸದಲ್ಲಿ ಕಾಯೋದು ಎಷ್ಟು ಮುಖ್ಯ ಅಂತ ಅವತ್ತು ಗೊತ್ತಾಯ್ತು.”

ಸಿಸ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು. ಪೆನ್ಸಿಲ್ ತಟ್ಟಲು ಇನ್ನೂ ಸಮಯವಿತ್ತು. ನನ್ನ ಎದೆ ತುಂಬಿತ್ತು, ಸುಳ್ಳು ಹೇಳುವುದಿಲ್ಲ. ಐದರ ವಿವರಣೆಯಲ್ಲಿ ನಾನು ಬರೆದದ್ದೆಲ್ಲ ಅವಳ ಉತ್ತರದಲ್ಲಿತ್ತು. ಘಟನೆ, ಅವಳ ತಪ್ಪು, ತಿಳಿದದ್ದು. ಆದರೂ ಎದೆ ತುಂಬಿದ ಜಾಗದಲ್ಲೇ ಏನೋ ಒಂದು ಸಣ್ಣದಾಗಿ ಚುಚ್ಚಿತು. ಲೋಟ ಬಿದ್ದ ಆ ಮಧ್ಯಾಹ್ನ ನಾನೂ ಅಲ್ಲಿದ್ದೆ. ಗಾಜು ಗುಡಿಸಿದವಳು ನಾನೇ.

ಆ ವೃತ್ತಿಯಲ್ಲಿ ಮಾಡುವ ಕೆಲಸಗಳೇನು ಎಂದು ಕೇಳಿದ್ದಕ್ಕೆ ಚೆನ್ನಾಗಿಯೇ ಉತ್ತರಿಸಿದಳು. ಮಾತು ಮಾತ್ರವಲ್ಲ, ನುಂಗುವ ತೊಂದರೆಯನ್ನೂ ಅವರೇ ನೋಡುತ್ತಾರೆ ಎಂದಾಗ ಸಿಸ್ಟರ್ ತಲೆಯಾಡಿಸಿದರು. ಮುಂದಿನ ಪ್ರಶ್ನೆಯನ್ನು ವಕೀಲರು ಓದಿದರು. ನಿಮ್ಮ ಸಹಪಾಠಿಯೊಬ್ಬ ರೋಗಿಯೊಬ್ಬರ ವಿಡಿಯೊ ತೆಗೆದಿದ್ದಾನೆ. ಮುಖ ಕಾಣುವುದಿಲ್ಲ, ಹೆಸರಿಲ್ಲ. ಅವರ ಪ್ರಗತಿಯನ್ನು ತರಗತಿಯಲ್ಲಿ ತೋರಿಸುವುದು ಉದ್ದೇಶ. ರೋಗಿಗೆ ಮಾತು ಬರುವುದಿಲ್ಲ. ನೀವು ಏನು ಮಾಡುತ್ತೀರಿ?

ಅವಳು ಸ್ವಲ್ಪ ಯೋಚಿಸಿದಳು. ತೋರಿಸಬೇಡ ಎಂದು ಮೊದಲು ಸ್ನೇಹಿತನಿಗೇ ಹೇಳುತ್ತೇನೆ, ಕೇಳದಿದ್ದರೆ ಟೀಚರ್ ಹತ್ತಿರ ಹೋಗುತ್ತೇನೆ ಎಂದಳು.

“ಮುಖ ಕಾಣದಿದ್ರೂ ಅದು ಅವರದೇ ವಿಷಯ ಸರ್. ಅವರನ್ನ ಕೇಳ್ಬೇಕು. ಮಾತು ಬರಲ್ಲ ಅಂತ ಕೇಳದೇ ಇರೋದು ತಪ್ಪು. ಚಿತ್ರ ತೋರಿಸಿ ಕೇಳಬಹುದು, ಎರಡೆರಡು ಸಲ ಕೇಳಿ ಖಾತ್ರಿ ಮಾಡ್ಕೋಬಹುದು. ಒಳ್ಳೆ ಉದ್ದೇಶ ಇದೆ ಅಂದ ಮಾತ್ರಕ್ಕೆ ಕೇಳಿದ ಹಾಗೆ ಆಗಲ್ಲ.”

ವಕೀಲರು ಬರೆಯುತ್ತಿದ್ದ ಪೆನ್ನು ಎತ್ತಿ ಅವಳನ್ನೇ ನೋಡಿದರು. ಇನ್ನೇನೋ ಕೇಳುವವರಂತೆ ಬಾಯಿ ತೆರೆದರು. ಆಗಲೇ ನಾಲ್ಕು ನಿಮಿಷ ಮುಗಿಯಿತು. ನಾನು ಬೆಂಚು ತಟ್ಟಿದೆ.

ಉಳಿದ ಪ್ರಶ್ನೆಗಳು ಮುಗಿದು ಮಗಳು ಹೊರಗೆ ಹೋದಳು. ಹಾಳೆಗಳು ಮೇಜಿನ ಮೇಲೆ ಬಂದವು. ನಾನು ಎದ್ದು ಹೋಗಬೇಕಿತ್ತೇನೋ. ಆದರೆ ಮುಂದಿನ ಹುಡುಗ ಕಾಯುತ್ತಿದ್ದ, ಚರ್ಚೆಗೂ ಸಮಯ ನೋಡಬೇಕಿತ್ತು, ಯಾರೂ ಹೋಗಿ ಎನ್ನಲಿಲ್ಲ. ಅಪ್ಪನ ಕಥೆಗೆ ಮೂವರೂ ಐದು ಹಾಕಿದ್ದರು. ವಿಡಿಯೊ ಪ್ರಶ್ನೆಗೆ ಆ್ಯಸಿಡ್ ಮಿಸ್ ಮತ್ತು ಸಿಸ್ಟರ್ ಐದು ಹಾಕಿದ್ದರು. ವಕೀಲರದು ಎರಡು.

“ಇದೇನ್ ಸರ್, ಹುಡುಗಿ ನಿಮ್ಮ ಕೋರ್ಟಿನಲ್ಲೇ ವಾದ ಮಾಡಿದ ಹಾಗೆ ಹೇಳಿದ್ಳು,” ಎಂದರು ಸಿಸ್ಟರ್.

ವಕೀಲರು ನಿಧಾನವಾಗಿ ಹೇಳಿದರು. ಉತ್ತರದಲ್ಲಿ ತಪ್ಪಿಲ್ಲ. ಆದರೆ ಅದಕ್ಕೆ ಸ್ವಲ್ಪ ಮುಂಚೆ ಇದೇ ಹುಡುಗಿ, ಮಾತು ಬಾರದ ಒಬ್ಬ ಮನುಷ್ಯ ಅತ್ತದ್ದನ್ನು ಮೂವರು ಹೊರಗಿನವರ ಮುಂದೆ ಇಟ್ಟಳು. ಅವರನ್ನು ಕೇಳಿದ್ದಾಳೋ ಇಲ್ಲವೋ ನಮಗೆ ಗೊತ್ತಿಲ್ಲ.

ಅದು ಬೇರೆ, ಅವಳ ಸ್ವಂತ ಅಪ್ಪ, ಅವಳ ಮನೆಯ ವಿಷಯ ಎಂದರು ಸಿಸ್ಟರ್. ಅತ್ತಿದ್ದು ಅವಳಲ್ಲವಲ್ಲ ಎಂದರು ವಕೀಲರು. ಸಿಸ್ಟರ್ ಸ್ವಲ್ಪ ಬಿಸಿಯಾದರು. ಸ್ವಂತ ಅನುಭವ ಹೇಳು ಎಂದು ಹಾಳೆಯಲ್ಲಿ ಬರೆದು ಕೊಟ್ಟವರು ನಾವು, ಹೇಳಿದ ಮೇಲೆ ಯಾಕೆ ಹೇಳಿದೆ ಅನ್ನುವುದು ಯಾವ ನ್ಯಾಯ ಎಂದು ಕೇಳಿದರು.

ಆ್ಯಸಿಡ್ ಮಿಸ್ ಮಾನದಂಡದ ಹಾಳೆಯನ್ನು ಮುಂದಕ್ಕೆ ಎಳೆದುಕೊಂಡರು. ಅಭ್ಯರ್ಥಿ ಆಡಿದ ಮಾತಿಗೆ ಮಾತ್ರ ಅಂಕ, ಆಡದ್ದಕ್ಕೆ ಅಲ್ಲ ಎಂಬ ಸಾಲನ್ನು ಓದಿದರು. ಅನುಮಾನವಿದ್ದರೆ ಆಗಲೇ ಉಪಪ್ರಶ್ನೆ ಹಾಕಬೇಕಿತ್ತು. ಹಾಕಿಲ್ಲ. ಒಂದು ಪ್ರಶ್ನೆಯ ಉತ್ತರವನ್ನು ಇನ್ನೊಂದರ ಮೇಲೆ ಹೇರಿ ಅಂಕ ಕಡಿಯುವಂತಿಲ್ಲ.

ವಕೀಲರು ಒಪ್ಪಿಕೊಂಡರು. ಎರಡನ್ನು ಹೊಡೆದು ಐದು ಬರೆದು, ಪಕ್ಕದಲ್ಲಿ ಸಹಿ ಮಾಡಿದರು. “ಹಾಳೆ ಪ್ರಕಾರ ನಂದೇ ತಪ್ಪು,” ಎಂದರು. ಆಮೇಲೆ ನನ್ನ ಕಡೆ ನೋಡದೆ, “ಇಲ್ಲಿ ಉತ್ತರ ಗೊತ್ತಿರೋರು ಒಬ್ರಿದ್ದಾರೆ. ಅವರನ್ನ ನಾವು ಕೇಳೋ ಹಾಗಿಲ್ಲ,” ಎಂದರು.

ನಾನು ಗಡಿಯಾರ ನೋಡುತ್ತಾ ಕೂತೆ. ಉತ್ತರ ನನಗೆ ಗೊತ್ತಿತ್ತು. ಅವಳು ಕೇಳಿರಲಿಲ್ಲ. ಅಡುಗೆಮನೆಯಲ್ಲಿ ನನ್ನೆದುರೇ ನಾಲ್ಕಾರು ಸಲ ಅಭ್ಯಾಸ ಮಾಡಿದ್ದಳು, ಪಕ್ಕದ ಕೋಣೆಯಲ್ಲಿ ಅವರಿರುವಾಗ ದನಿ ತಗ್ಗಿಸಿ. ದನಿ ತಗ್ಗಿಸಿದ್ದು ಯಾಕೆಂದು ನಮ್ಮಿಬ್ಬರಿಗೂ ಗೊತ್ತಿತ್ತು, ಇಬ್ಬರೂ ಅದನ್ನು ಆಡಿರಲಿಲ್ಲ.

ಎಲ್ಲ ಮುಗಿದ ಮೇಲೆ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು, ಎಲ್ಲಿ ಚೆನ್ನಾಗಿತ್ತು, ಎಲ್ಲಿ ತಿದ್ದಿಕೊಳ್ಳಬೇಕು ಎಂದು ಹೇಳುವುದು ರೂಢಿ. ಮಗಳಿಗೆ ಹೇಳುವ ಸರದಿ ವಕೀಲರದಾಗಿತ್ತು. ಅಂಕಗಳನ್ನು ತೋರಿಸಿದರು, ಮೆಚ್ಚಿದರು. ಅವಳ ಮುಖ ಅರಳಿತು. ಆಮೇಲೆ ಕೇಳಿದರು.

“ಇದನ್ನ ಇಲ್ಲಿ ಹೇಳ್ತೀನಿ ಅಂತ ನಿಮ್ಮ ತಂದೆಯನ್ನ ಕೇಳಿದ್ಯಾಮ್ಮಾ?”

ಅವಳು ನನ್ನತ್ತ ತಿರುಗಲಿಲ್ಲ. ತಿರುಗದಿರಲು ಪ್ರಯತ್ನಪಟ್ಟಳು ಎಂಬುದು ಅವಳ ಕತ್ತಿನಲ್ಲಿ ಕಾಣುತ್ತಿತ್ತು. “ಇಲ್ಲ ಸರ್,” ಎಂದಳು.

“ಅಲ್ಲೂ ಯಾರಾದ್ರೂ ಕೇಳಬಹುದು. ಕೇಳದೇನೂ ಇರಬಹುದು. ಕೇಳಿದ್ರೆ ನಿಜ ಹೇಳು, ಅಷ್ಟೇ.” ಅವರು ಹಾಳೆಯನ್ನು ಮಡಚಿ ಕೊಟ್ಟರು. ದನಿಯಲ್ಲಿ ಕಟುತನವಿರಲಿಲ್ಲ. ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತೇನೋ.

ಮನೆಗೆ ಬರುವ ದಾರಿಯಲ್ಲಿ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಇಳಿಯುವಾಗ, ಆ ಕಥೆ ಬಿಟ್ಟುಬಿಡುತ್ತೇನೆ ಎಂದಳು.

ಬಿಟ್ಟಳು ಕೂಡ. ಮರುದಿನ ನಾನು ಬೇಳೆ ತೊಳೆಯುತ್ತಿದ್ದಾಗ ಪಕ್ಕದಲ್ಲಿ ನಿಂತು ಹೊಸ ಉತ್ತರ ಹೇಳಿದಳು. ಮೆದುಳು ಮತ್ತು ಭಾಷೆಯ ಸಂಬಂಧ ನನಗೆ ಕುತೂಹಲ ಹುಟ್ಟಿಸಿತು, ಜನರಿಗೆ ನೆರವಾಗುವ ಆಸೆ ಇದೆ, ಹೀಗೆ. ಹೇಳಿ ಮುಗಿಸಿ, ಎಷ್ಟು ಹಾಕ್ತೀಯ ಎಂದಳು. ನನ್ನ ಕೈ ಬೇಳೆಯಲ್ಲೇ ನಿಂತಿತು. ಎರಡು ಎಂದೆ. ಕುಕ್ಕರಿನ ಮುಚ್ಚಳ ತೆಗೆದುಕೊಡುತ್ತಾ, ನೀನು ಧಾರಾಳಿ ಎಂದಳು.

ಶಾಲೆಯಲ್ಲಿ ಒಂದು ಪ್ರಯೋಗ ಕೆಟ್ಟ ಪ್ರಸಂಗ ಹೇಳಿ ನೋಡಿದಳು. ನೆರೆಮನೆಯ ತೊದಲುವ ಮಗುವಿನ ವಿಷಯ ಹೇಳಲು ಹೊರಟು ಅರ್ಧಕ್ಕೆ ನಿಲ್ಲಿಸಿದಳು. ಆ ಮಗುವಿನ ಮನೆಯವರನ್ನೂ ಕೇಳಬೇಕಲ್ಲ ಎಂದಳು. ನಾವಿಬ್ಬರೂ ನಕ್ಕೆವು, ಆದರೆ ನಗು ಬೇಗ ಮುಗಿಯಿತು. ನಿಜ ಏನೆಂದರೆ, ಅವಳು ಆ ಕೋರ್ಸು ಆರಿಸಿಕೊಂಡದ್ದಕ್ಕೆ ಬೇರೆ ಕಾರಣವೇ ಇರಲಿಲ್ಲ. ಆ ಮಧ್ಯಾಹ್ನವನ್ನು ತೆಗೆದರೆ ಅವಳ ಉತ್ತರದಲ್ಲಿ ಏನೂ ಉಳಿಯುತ್ತಿರಲಿಲ್ಲ.

ಅಕ್ಕ ಬಂದಾಗ ಇದೆಲ್ಲ ಅವಳ ಕಿವಿಗೂ ಬಿತ್ತು. ನನ್ನ ಅಕ್ಕನಿಗೆ ಯಾವ ಸಮಸ್ಯೆಯೂ ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಬಾಳಬಾರದು.

“ಅಯ್ಯೋ ಇಷ್ಟೇನಾ? ಕೇಳಿದೀನಿ, ಹೂಂ ಅಂದ್ರು ಅಂತ ಹೇಳು. ಸುಳ್ಳೂ ಅಲ್ಲ. ಅವರು ಎಲ್ಲದಕ್ಕೂ ಹೂಂ ಅಂತಾರೆ.”

“ಅದೇ ದೊಡ್ಡಮ್ಮ ತೊಂದರೆ,” ಎಂದಳು ಮಗಳು.

ಅಕ್ಕನಿಗೆ ಅರ್ಥವಾಗಲಿಲ್ಲ. ನಮ್ಮ ಹುಡುಗಿಗೆ ಓದಿ ಓದಿ ತಲೆ ಸೂಕ್ಷ್ಮವಾಗಿದೆ, ಇಂಟರ್‌ವ್ಯೂನಲ್ಲಿ ಕೂತವರಿಗೆ ಇವಳ ಅಪ್ಪನ ಅಳು ಕಟ್ಟಿಕೊಂಡು ಏನಾಗಬೇಕು, ಮನೆಗೆ ಹೋಗುವಷ್ಟರಲ್ಲಿ ಮರೆತಿರುತ್ತಾರೆ ಎಂದು ನನಗೆ ಹೇಳಿದಳು. ಅದೂ ನಿಜವೇ. ಮರೆಯುವವರ ಎದುರು ಹೇಳುವುದು, ಮರೆಯದವರನ್ನು ಕೇಳದೆ. ಈ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಅಕ್ಕನ ಮುಂದೆ ಆಡಿದರೆ ಅವಳ ಕಾಫಿ ಆರುತ್ತಿತ್ತು, ಬಿಟ್ಟೆ.

ಅಕ್ಕ ಹೋದ ಮೇಲೆ ಮಗಳು ಒಣಗಿದ ಬಟ್ಟೆ ಮಡಚಲು ನನ್ನ ಜೊತೆ ಕೂತಳು. ಅಪ್ಪನ ಅಂಗಿಗಳಿಗೆ ಈಗ ಗುಂಡಿಯ ಬದಲು ಅಂಟುಪಟ್ಟಿ ಹೊಲಿಸಿದ್ದೇವೆ, ಒಂದೇ ಕೈಯಲ್ಲಿ ಹಾಕಿಕೊಳ್ಳಲೆಂದು. ಒಂದು ಅಂಗಿಯ ಪಟ್ಟಿಯನ್ನು ತೆಗೆಯುತ್ತಾ ಹಾಕುತ್ತಾ ಇದ್ದಳು.

“ಅವರು ಬೇಡ ಅಂದ್ರೆ ನನ್ನ ಹತ್ರ ಏನೂ ಇರಲ್ಲ ಅಮ್ಮಾ. ಅದಕ್ಕೆ ಹೆದರಿಕೆ ಅಂದ್ಕೊಂಡಿದ್ದೆ. ಅದಲ್ಲ. ಅವತ್ತು ಅತ್ತಿದ್ದು ಅವರಿಗೆ ನೆನಪೇ ಇಲ್ಲ ಅಂತ ನಾವು ನಡ್ಕೋತಿದೀವಿ. ಕೇಳಿದ್ರೆ, ನಾನು ಮರ್ತಿಲ್ಲ ಅಂತ ಗೊತ್ತಾಗುತ್ತೆ.”

ಅವಳ ಕೈಯಿಂದ ಅಂಗಿ ತೆಗೆದುಕೊಂಡು ಮಡಚಿದೆ. ಹೇಳಲು ಬಹಳ ಇತ್ತು. ಅಮ್ಮಂದಿರಿಗೆ ಇಂಥ ಹೊತ್ತಿನಲ್ಲಿ ಬಾಯಿ ತುರಿಸುತ್ತದೆ. ಮಗು ಎತ್ತಲಾರದ್ದನ್ನು ತಾನು ಎತ್ತಿ ಆಚೆ ಇಟ್ಟುಬಿಡೋಣ ಅನ್ನಿಸುತ್ತದೆ. ಮರುದಿನ ಬೆಳಿಗ್ಗೆ ಗಡ್ಡಕ್ಕೆ ನೊರೆ ಹಚ್ಚುವಾಗ ಹಾಗೇ ಆಯಿತು. ಅವರು ಕಣ್ಣು ಮುಚ್ಚಿದ್ದರು, ಮಗಳು ಸ್ನಾನಕ್ಕೆ ಹೋಗಿದ್ದಳು. ಮಗು ನಿಮ್ಮನ್ನು ಏನೋ ಕೇಳಬೇಕು ಅಂತಿದ್ದಾಳೆ, ಬೇಜಾರು ಮಾಡಿಕೊಳ್ಳಬೇಡಿ, ಒಪ್ಪಿಕೊಂಡುಬಿಡಿ. ಇಷ್ಟು ಮಾತು ಸಾಕಿತ್ತು. ಮಗು ಎನ್ನುವವರೆಗೆ ಆಡಿಯೂ ಆಡಿದೆ. ಅವರು ಕಣ್ಣು ತೆರೆದರು. ಆ ಕಣ್ಣು ಕಾಯುತ್ತಿತ್ತು.

ನಾನು ಈಗ ಹೇಳಿದರೆ, ಅವರು ನನಗೋಸ್ಕರ, ಅವಳಿಗೋಸ್ಕರ, ಹೂಂ ಅನ್ನುತ್ತಾರೆ. ಆಮೇಲೆ ಅವಳು ಕೇಳುವ ಪ್ರಶ್ನೆ ಪ್ರಶ್ನೆಯಾಗಿ ಉಳಿಯುವುದಿಲ್ಲ.

“ಮಗು ಸ್ನಾನಕ್ಕೆ ಹೋಗಿದಾಳೆ,” ಎಂದೆ. ಬಲಗೆನ್ನೆ ಎಳೆದು ಹಿಡಿದು ರೇಜರ್ ಎತ್ತಿಕೊಂಡೆ.

ಇಂಟರ್‌ವ್ಯೂಗೆ ಹೊರಡುವ ಹಿಂದಿನ ದಿನ ರಜೆ. ಮಧ್ಯಾಹ್ನದ ಊಟವಾಗಿತ್ತು. ಅವರು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಟಿವಿಯಲ್ಲಿ ಕಾರ್ ರೇಸ್ ನೋಡುತ್ತಿದ್ದರು. ನಾನು ಬಾಗಿಲ ಬಳಿ ಮಗಳ ಸಲ್ವಾರಿಗೆ ಇಸ್ತ್ರಿ ಹಾಕುತ್ತಿದ್ದೆ. ಅವಳು ಒಳಗಿನಿಂದ ಬಂದು, ಅಪ್ಪಾ ಇದನ್ನ ನಿಲ್ಲಿಸ್ಲಾ ಎಂದು ಟಿವಿ ತೋರಿಸಿ, ಅವರು ನೋಡಿದ ಮೇಲೆ ನಿಲ್ಲಿಸಿದಳು. ಸ್ಟೂಲು ಎಳೆದುಕೊಂಡು ಅವರ ಎಡಗಡೆ, ಮುಖಕ್ಕೆ ಮುಖ ಬರುವ ಹಾಗೆ ಕೂತಳು. ಸಣ್ಣ ಮೇಜಿನ ಮೇಲೆ ಎರಡು ರಟ್ಟಿನ ತುಂಡು ಇಟ್ಟಳು. ಒಂದರಲ್ಲಿ ಹಸಿರು ಟಿಕ್ ಗುರುತು, ಒಂದರಲ್ಲಿ ಕೆಂಪು ಅಡ್ಡಗೆರೆ. ಥೆರಪಿಸ್ಟ್ ಹೀಗೇ ಮಾಡುತ್ತಿದ್ದರು. ಬಾಯಿ ತಪ್ಪಿ ಹೂಂ ಅಂದರೂ ಬೆರಳು ಅಷ್ಟು ಸುಲಭವಾಗಿ ತಪ್ಪುವುದಿಲ್ಲ. ಆದರೂ ದೊಡ್ಡ ಪ್ರಶ್ನೆಗೆ ಮುಂಚೆ, ಉತ್ತರ ಗೊತ್ತಿರುವ ಸಣ್ಣ ಪ್ರಶ್ನೆಗಳನ್ನು ಕೇಳಿ ಅವತ್ತಿನ ಬೆರಳು ಸರಿಯಿದೆಯೇ ಎಂದು ನೋಡಿಕೊಳ್ಳಬೇಕು.

ನಾನು ನಿಮ್ಮ ಮಗಳಾ ಎಂದು ಕೇಳಿದಳು. ಅವರ ಎಡಗೈ ಎದ್ದು ಹಸಿರಿನ ಮೇಲೆ ಕೂತಿತು. ಈಗ ರಾತ್ರಿಯಾ ಎಂದಳು. ಕೆಂಪು. ನಾವು ಕಾರಿನಲ್ಲಿ ಕೂತಿದೀವಾ. ಕೆಂಪು, ಸ್ವಲ್ಪ ತಡವಾಗಿ, ಕೂತಿದ್ದರೆ ಚೆನ್ನಾಗಿತ್ತು ಅನ್ನುವ ಹಾಗೆ.

“ದೊಡ್ಡಮ್ಮ ಕಮ್ಮಿ ಮಾತಾಡ್ತಾರಾ?”

ಕೆಂಪಿನ ಮೇಲೆ ಬೆರಳು ಎರಡು ಸಲ ಬಡಿಯಿತು. ಅರ್ಧ ಬಾಯಿ ನಕ್ಕಿತು. ಅವಳೂ ನಕ್ಕಳು. ಆಮೇಲೆ ನಗು ನಿಂತಿತು. ಮೇಜಿನ ಅಂಚನ್ನು ಹಿಡಿದುಕೊಂಡಿದ್ದಳು. ಅವರು ಅವಳನ್ನು ನೋಡಿದರು. ಇದು ಆಟವಲ್ಲ ಎಂದು ಅವರಿಗೆ ತಿಳಿದಂತಿತ್ತು, ಬೆನ್ನು ನೆಟ್ಟಗೆ ಮಾಡಿಕೊಂಡರು. ಕಲಿಯುವವರು ಮೊದಲ ಸಲ ಗೇರ್ ಹಾಕಲು ಹೆದರಿ ಕೂತಾಗ ಪಕ್ಕದಲ್ಲಿ ಅವರು ಹೀಗೇ ಕೂರುತ್ತಿದ್ದಿರಬೇಕು.

ನಾನು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದೆ. ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ಅವಳ ತುಟಿ ಒಮ್ಮೆ ತೆರೆದು ಮುಚ್ಚಿತು. ಅವಳ ಮಾತನ್ನು ನಾನು ಮುಗಿಸಲಿಲ್ಲ, ಅವರೂ ಅವಸರ ಮಾಡಲಿಲ್ಲ. ಇಬ್ಬರೂ ಕಾದೆವು.

ಅವಳು ಚಿಕ್ಕ ಚಿಕ್ಕದಾಗಿ, ಒಂದೊಂದು ಮಾತಿಗೂ ನಿಂತು ಹೇಳಿದಳು.

“ಅಪ್ಪಾ, ನಾಳೆ ಅಲ್ಲಿ ಕೇಳ್ತಾರೆ, ಈ ಓದು ಯಾಕೆ ಅಂತ. ನಿಮ್ಮ ಸ್ಟೂಡೆಂಟ್ಸ್ ಬಂದಿದ್ರಲ್ಲ, ಅವತ್ತಿಂದ. ನಾನು ನಿಮ್ಮನ್ನ ಮಾತಾಡೋಕೆ ಬಿಡ್ಲಿಲ್ಲ. ನೀವು ಲೋಟ ಎಸೆದ್ರಿ. ನೀವು ಅತ್ರಿ. ನಾನು ಅದನ್ನ ಮರ್ತಿಲ್ಲ.” ಉಸಿರು ಎಳೆದುಕೊಂಡಳು. “ಅದನ್ನ ಅವರ ಮುಂದೆ ಹೇಳ್ಲಾ ಅಪ್ಪಾ, ಬೇಡ್ವಾ?”